ಡಾಕ್ಟರ್ ಮುಂದೆ ಆ ಮಾತು ಬಾಯಿಗೇ ಬರಲ್ಲ

"ನನಗೆ 27 ವರ್ಷ. ಮದುವೆಯಾಗಿ ಎರಡು ವರ್ಷ. ನಾವಿಬ್ಬರೂ ಇನ್ನೂ ಕೂಡಿಲ್ಲ. ಪ್ರಯತ್ನಿಸಿದಾಗೆಲ್ಲ ಉರಿ, ನೋವು. ಮೈ ತಾನಾಗಿಯೇ ಬಿಗಿಯುತ್ತದೆ. ಮಕ್ಕಳಾಗಿಲ್ಲವೆಂದು ಅತ್ತೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು 'ಇಬ್ಬರೂ ಚೆನ್ನಾಗಿದ್ದೀರಾ?' ಎಂದರು. ಅತ್ತೆ ಪಕ್ಕದಲ್ಲೇ ಇದ್ದರು, ತಲೆಯಾಡಿಸಿದೆ. ಐದು ತಿಂಗಳಿಂದ ಅಂಡಾಣು ಬೆಳೆಯುವ ಮಾತ್ರೆ ನುಂಗುತ್ತಿದ್ದೇನೆ. ಕೆಳಗಿನಿಂದ ಮಾಡುವ ಸ್ಕ್ಯಾನ್ ಆಗಲಿಲ್ಲ, ಹೊಟ್ಟೆ ಮೇಲಿಂದ ಮಾಡಿದರು. ಮುಂದಿನ ತಿಂಗಳು ಟ್ಯೂಬ್ ಟೆಸ್ಟ್ ಅಂತೆ. ನಾಚಿಕೆಯಾಗುತ್ತದೆ, ಹೇಗೆ ಹೇಳಲಿ?"
— ಹೆಸರು ಬೇಡ, ಶಿವಮೊಗ್ಗ

ಸ್ಕ್ಯಾನಿನ ವಿಷಯವನ್ನು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿದ್ದೀರಿ. ನನ್ನ ಕಣ್ಣು ನಿಂತಿದ್ದು ಅಲ್ಲೇ. ಆ ಕೋಣೆಯಲ್ಲಿ ನಿಮ್ಮ ಗಂಡ ಇರಲಿಲ್ಲ, ಹಾಸಿಗೆ ಇರಲಿಲ್ಲ. ಆದರೂ ಮೈ ಬಾಗಿಲು ಹಾಕಿಕೊಂಡಿತು. ಅಂದರೆ ಇದು ಗಂಡ ಇಷ್ಟವಿಲ್ಲ ಅನ್ನುವ ಮಾತಲ್ಲ, ಹಟವೂ ಅಲ್ಲ. ಯೋನಿಯ ಸುತ್ತಲಿನ ಸ್ನಾಯುಗಳು ನಿಮ್ಮನ್ನು ಕೇಳದೆ ಬಿಗಿಯುತ್ತಿರಬಹುದು. ಡಾಕ್ಟರುಗಳು ಇದನ್ನು ವೆಜೈನಿಸ್ಮಸ್ ಅನ್ನುತ್ತಾರೆ. ಹೌದೋ ಅಲ್ಲವೋ ಎಂದು ಹೇಳಬೇಕಾದವರು ಅವರೇ. ಸೋಂಕು, ಚರ್ಮದ ತೊಂದರೆಯಿಂದಲೂ ಉರಿ ಬರುತ್ತದೆ.

ಈಗ ಆ ಮಾತ್ರೆ. ನಿಮ್ಮ ವಯಸ್ಸಿನಲ್ಲಿ ಸಾಮಾನ್ಯವಾಗಿ ಒಂದು ವರ್ಷ ನಿಯಮಿತವಾಗಿ ಕೂಡಿಯೂ ಗರ್ಭ ನಿಲ್ಲದಿದ್ದರೆ ಬಂಜೆತನದ ತಪಾಸಣೆ ಶುರುವಾಗುತ್ತದೆ. ನಿಮ್ಮದು ಆ ಲೆಕ್ಕಕ್ಕೇ ಬರುವುದಿಲ್ಲ. ಐದು ತಿಂಗಳೂ ಅಂಡಾಣು ಚೆನ್ನಾಗಿಯೇ ಬೆಳೆದಿರಬಹುದು, ಪಾಪ, ಅದು ಯಾರಿಗೆ ಕಾಯಬೇಕು? ಗರ್ಭನಾಳ ತೆರೆದಿದೆಯಾ ಎಂದು ನೋಡುವ ಟ್ಯೂಬ್ ಟೆಸ್ಟ್ ಇನ್ನೂ ಕಷ್ಟ. ಯೋನಿಯನ್ನು ಉಪಕರಣದಿಂದ ಅಗಲಿಸಿ, ಗರ್ಭಕೋಶದ ಬಾಯಿಯಿಂದ ಎಕ್ಸ್‌ರೇಯಲ್ಲಿ ಕಾಣುವ ದ್ರವ ಬಿಟ್ಟು ಚಿತ್ರ ತೆಗೆಯುತ್ತಾರೆ. ಸ್ಕ್ಯಾನೇ ಆಗದವರಿಗೆ ಅದು ಹೇಗಿರುತ್ತದೆ, ನೀವೇ ಯೋಚಿಸಿ.

ಅತ್ತೆಯ ಮೇಲೆ ನನಗೆ ಅಷ್ಟು ಕೋಪವಿಲ್ಲ. ಅವರಿಗೆ ಗೊತ್ತಿಲ್ಲ. ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು "ಚೆನ್ನಾಗಿದ್ದೀರಾ?" ಎಂದ ಡಾಕ್ಟರ್ ಮೇಲೆ ಸ್ವಲ್ಪ ಇದೆ. ಜಾಸ್ತಿ ಕೋಪ ಇರುವುದು ನಿಮ್ಮ ಗಂಡನ ಮೇಲೆ. ಎಲ್ಲ ಗೊತ್ತಿದ್ದೂ, ನೀವು ತಿಂಗಳು ತಿಂಗಳು ಮಾತ್ರೆ ನುಂಗುವುದನ್ನು ಸುಮ್ನೆ ನೋಡುತ್ತಿದ್ದಾರಲ್ಲ! ಈ ಅಂಕಣದಲ್ಲಿ ನಾನು ಹೇಳಿ ಹೇಳಿ ಸಾಕಾಗಿದೆ: ಡಾಕ್ಟರ್ ಕೋಣೆಗೆ ರೋಗಿ ಮೊದಲು ಒಬ್ಬರೇ ಹೋಗಬೇಕು. ಅತ್ತೆಯನ್ನು ಹೊರಗೆ ಕೂರಿಸಿ ಮಾತಾಡಿಸುವ ಕೆಲಸ ಗಂಡನಿಗೆ ಕೊಡಿ. ಅದೂ ಆಗದಿದ್ದರೆ ಕೌಂಟರಿನ ನರ್ಸ್‌ಗೆ "ಡಾಕ್ಟರ್ ಹತ್ತಿರ ಒಬ್ಬಳೇ ಮಾತಾಡಬೇಕು" ಎಂದರೆ ಸಾಕು, ಅವರಿಗೆ ಇದು ಹೊಸದಲ್ಲ.

ಮಾತು ಬಾಯಿಗೆ ಬರದಿದ್ದರೆ ಬೇಡ. ಒಂದು ಚೀಟಿ ಬರೆದುಕೊಂಡು ಹೋಗಿ ಕೈಗೆ ಕೊಡಿ:

"ಮದುವೆಯಾಗಿ ಎರಡು ವರ್ಷ. ಒಂದು ಸಲವೂ ಒಳಗೆ ಹೋಗಿಲ್ಲ. ಪ್ರಯತ್ನಿಸಿದರೆ ನೋವು, ಮೈ ಬಿಗಿಯುತ್ತದೆ. ಕೆಳಗಿನ ಸ್ಕ್ಯಾನ್ ಕೂಡ ಆಗಲಿಲ್ಲ. ಇದು ಮನೆಯವರಿಗೆ ತಿಳಿಯಬಾರದು."

"ಒಳಗೆ ಹೋಗಿಲ್ಲ" ಅನ್ನುವುದನ್ನು ಹಾಗೆಯೇ ಬರೆಯಿರಿ. "ಸ್ವಲ್ಪ ತೊಂದರೆ ಇದೆ" ಎಂದು ಬರೆದರೆ ಬಿಳಿಮುಟ್ಟಿಗೆ ಮಾತ್ರೆ ಕೊಟ್ಟು ಕಳಿಸುತ್ತಾರೆ. ಉರಿ ಯೋನಿಯ ಬಾಯಿಯಲ್ಲೇ ಶುರುವಾಗುತ್ತದಾ, ಒಳಗಾ, ಸ್ವಂತ ಬೆರಳಾದರೂ ಹೋಗುತ್ತದಾ ಎಂದು ಕೇಳುತ್ತಾರೆ. ಮೊದಲೇ ಯೋಚಿಸಿಟ್ಟುಕೊಳ್ಳಿ. ಇಲ್ಲಿಯವರೆಗಿನ ಸ್ಕ್ಯಾನ್ ರಿಪೋರ್ಟು, ಮಾತ್ರೆಯ ಚೀಟಿ ಜೊತೆಗಿರಲಿ. ಮುಟ್ಟಿನ ದಿನಗಳಲ್ಲಿ ಹೋಗಬೇಡಿ.

ಪರೀಕ್ಷೆ ಮಾಡುವಾಗ ಮೊದಲ ದಿನವೇ ಉಪಕರಣ ಹಾಕಬೇಕೆಂದಿಲ್ಲ. ಹೊರಗಿನಿಂದ ನೋಡಿ, ಹತ್ತಿ ಸುತ್ತಿದ ಕಡ್ಡಿಯಿಂದ ಮುಟ್ಟಿ, ನೋವು ಎಲ್ಲಿ ಎಂದು ತಿಳಿದುಕೊಳ್ಳಬಹುದು. "ನಾನು ನಿಲ್ಲಿಸಿ ಎಂದಾಗ ನಿಲ್ಲಿಸಬೇಕು" ಎಂದು ಮೊದಲೇ ಹೇಳಿ. ಪುರುಷ ಡಾಕ್ಟರಾದರೆ ಹೆಣ್ಣು ನರ್ಸ್ ಅಲ್ಲೇ ಇರಬೇಕು.

ಸ್ನಾಯು ಬಿಗಿತವೇ ಆಗಿದ್ದರೆ ಸಾಮಾನ್ಯವಾಗಿ ಕೊಡುವುದು ಸ್ನಾಯು ಸಡಿಲಿಸುವ ವ್ಯಾಯಾಮ, ಯೋನಿಗೆ ಮೆಲ್ಲಗೆ ಹಾಕಿ ಅಭ್ಯಾಸ ಮಾಡುವ, ಸಣ್ಣದರಿಂದ ದಪ್ಪಕ್ಕೆ ಹೋಗುವ ಡೈಲೇಟರ್‌ಗಳು, ಭಯಕ್ಕೆ ಕೌನ್ಸೆಲಿಂಗ್. ಕೆಲವು ವಾರ, ಕೆಲವರಿಗೆ ತಿಂಗಳುಗಳು ಬೇಕಾಗುತ್ತವೆ. "ಚಿಕ್ಕ ಆಪರೇಷನ್ ಮಾಡಿ ಬಿಡಿಸ್ತೀವಿ" ಎಂದು ಮೊದಲ ದಿನವೇ ಹೇಳಿದರೆ ಇನ್ನೊಬ್ಬ ಡಾಕ್ಟರನ್ನು ನೋಡಿ. ಕನ್ಯಾಪೊರೆ ಕತ್ತರಿಸಿದ ಮಾತ್ರಕ್ಕೆ ಸ್ನಾಯು ಸಡಿಲವಾಗುವುದಿಲ್ಲ. ಚೀಟಿ ಓದಿ ನಕ್ಕರೂ ಅಷ್ಟೇ, ಎದ್ದು ಬನ್ನಿ.

ಇಷ್ಟರಲ್ಲಿ ಏನು ನೆನಪಿರದಿದ್ದರೂ ಪರವಾಗಿಲ್ಲ, ಒಂದು ಕೆಲಸ ಮಾಡಿ. ಈ ವಾರವೇ ಆ ಚೀಟಿ ಕೊಡಿ. ಅದನ್ನು ಓದಿದ ಮೇಲೆ ಡಾಕ್ಟರ್ ಏನು ಹೇಳುತ್ತಾರೆಂದು ಕೇಳುವವರೆಗೆ ಟ್ಯೂಬ್ ಟೆಸ್ಟ್‌ಗೆ ಹೋಗಬೇಡಿ.