300ರ ಪ್ಲಾನ್‌ಗಿಂತ ಮೊದಲು ಒಂದು ಕೇಬಲ್ ಹಾಕಿ ನೋಡಿ

"100 ಎಂಬಿಪಿಎಸ್ ಇದೆ, ಸ್ಪೀಡ್ ಟೆಸ್ಟ್ ಚೆನ್ನಾಗೇ ಬರುತ್ತೆ. ಆದ್ರೂ ವ್ಯಾಲೊರಂಟ್‌ನಲ್ಲಿ ಎದುರಾಳಿ ಇದ್ದಕ್ಕಿದ್ದಂತೆ ಜಿಗಿದುಬಿಡ್ತಾನೆ. 300ರ ಪ್ಲಾನ್ ತಗೊಳ್ಳಲಾ?"

ಈಗಲೇ ಬೇಡ. ಆಟಕ್ಕೆ ಅಷ್ಟು ಡೇಟಾ ಬೇಕಾಗಿಲ್ಲ, ಬೇಕಾಗಿರುವುದು ಸಮಯಕ್ಕೆ ಸರಿಯಾಗಿ ಬರುವ ಡೇಟಾ. ವ್ಯಾಲೊರಂಟ್ ಸರ್ವರ್ ಸೆಕೆಂಡಿಗೆ 128 ಸಲ ಆಟದ ಲೆಕ್ಕ ಹಾಕುತ್ತದೆ, ಅಂದರೆ ಸುಮಾರು 8 ಮಿಲಿಸೆಕೆಂಡಿಗೊಮ್ಮೆ. ಪಿಂಗ್ 30, 31, 30 ಅಂತ ಬಂದರೆ ಆಟ ಸಲೀಸು. 30, 95, 28, 140 ಅಂತ ಏರಿಳಿದರೆ ಅದೇ ಜಿಟ್ಟರ್. ಪ್ಯಾಕೆಟ್ ಬರುವವರೆಗೆ ಗೇಮ್ ಎದುರಾಳಿಯ ಜಾಗವನ್ನು ಊಹಿಸುತ್ತದೆ. ಊಹೆ ತಪ್ಪಿದಾಗ ಅವನು ಜಿಗಿದಂತೆ ಕಾಣುತ್ತಾನೆ. ಪ್ಯಾಕೆಟ್ ದಾರಿಯಲ್ಲೇ ಕಳೆದುಹೋದರೂ ಇದೇ ಗತಿ. ಸ್ಪೀಡ್ ಟೆಸ್ಟ್‌ನಲ್ಲಿ ಕಳೆದದ್ದನ್ನು ಮತ್ತೆ ತರಿಸಿಕೊಳ್ಳಬಹುದು, ಹಾಗಾಗಿ ಅಲ್ಲಿ ಇದು ಗೊತ್ತೇ ಆಗುವುದಿಲ್ಲ.

ವೈಫೈಯಲ್ಲಿ ಒಂದೇ ಚಾನೆಲ್‌ನಲ್ಲಿರುವ ಎಲ್ಲರೂ ಸರದಿಗೆ ಕಾಯಬೇಕು, ಪಕ್ಕದ ಮನೆಯ ರೂಟರ್ ಕೂಡ. ಪ್ಲಾನ್ ಹೆಚ್ಚಿಸಿದರೆ ಈ ಕಾಯುವಿಕೆ ತಪ್ಪುವುದಿಲ್ಲ. ಕೇಬಲ್ ದಾರಿ ನಿಮ್ಮೊಬ್ಬರದೇ.

ವಿಂಡೋಸ್‌ನಲ್ಲಿ ನಿಮ್ಮ ರೂಟರ್ ವಿಳಾಸಕ್ಕೆ ಇದನ್ನು ಓಡಿಸಿ, ಮೊದಲು ವೈಫೈಯಲ್ಲಿ, ಆಮೇಲೆ ಕೇಬಲ್‌ನಲ್ಲಿ:

```
ping -n 100 192.168.1.1
```

ನನ್ನ ರೂಮಿನಲ್ಲಿ ವೈಫೈಯಲ್ಲಿ 3, 4, 112, 5 ಅಂತ ಬರುತ್ತಿತ್ತು, ನಡುವೆ ಎರಡು ಸಲ `Request timed out`. ಇದು ಇಂಟರ್ನೆಟ್‌ಗೆ ಹೋಗುವ ಮೊದಲೇ, ಮನೆಯೊಳಗೇ! ಹಾಲ್‌ನಿಂದ 15 ಮೀಟರ್ ಕ್ಯಾಟ್ 6 ಕೇಬಲ್ ಎಳೆದ ಮೇಲೆ ನೂರಕ್ಕೆ ನೂರೂ `time<1ms`.

ಕೇಬಲ್‌ನಲ್ಲಿ ರೂಟರ್‌ವರೆಗೆ ಸರಿಯಿದ್ದು ಆಟ ಮಾತ್ರ ಜಿಗಿಯುತ್ತಿದ್ದರೆ, ಮನೆಯಲ್ಲಿ ಯಾರಾದರೂ ದೊಡ್ಡ ಫೈಲ್ ಅಪ್‌ಲೋಡ್ ಮಾಡ್ತಿದ್ದಾರಾ ನೋಡಿ. ಅದೂ ಇಲ್ಲ ಅಂದ್ರೆ ತೊಂದರೆ ಹೊರಗಿನ ಲೈನಿನಲ್ಲಿರಬಹುದು, ಆ ಪಿಂಗ್ ಫಲಿತಾಂಶ ತೋರಿಸಿ ಕಂಪನಿಗೆ ದೂರು ಕೊಡಿ.