ಆವಕ ಸಂಖ್ಯೆ 147 ಎಲ್ಲಿ ನಿಂತಿದೆ?

ಮಾನ್ಯ ಸಂಪಾದಕರೇ,

ನಮ್ಮೂರ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಕ್ಕೆ ಮೇ 14ರಂದು ಬೆಳೆಸಾಲದ ಅರ್ಜಿ ಕೊಟ್ಟೆ. ಮೂರೂವರೆ ಎಕರೆ ಗೋವಿನಜೋಳ, ಕೇಳಿದ್ದು 90,000 ರೂಪಾಯಿ. ಆವಕ ಸಂಖ್ಯೆ 147 ಎಂದು ಚೀಟಿ ಬರೆದುಕೊಟ್ಟರು. ಬಿತ್ತನೆ ಮುಗಿದರೂ ಸಾಲ ಬಂದಿಲ್ಲ. ಸಂಘದವರು ಬ್ಯಾಂಕಿಗೆ ಕಳಿಸಿದ್ದೇವೆ ಅನ್ನುತ್ತಾರೆ, ಬ್ಯಾಂಕಿನವರು ಬಂದೇ ಇಲ್ಲ ಅನ್ನುತ್ತಾರೆ. ತಾರೀಖು, ಸಂಖ್ಯೆ ಎಲ್ಲ ಹಾಕಿ ಬ್ಯಾಂಕಿಗೊಂದು ಪತ್ರ ಬರೆದಿಟ್ಟಿದ್ದೇನೆ, ಅದರ ನಕಲು ಲಗತ್ತಿಸಿದ್ದೇನೆ. ಹೀಗೆ ಬರೆದರೆ ಸಿಟ್ಟಾಗುತ್ತಾರೆ, ಸುಮ್ಮನೆ ನಿರ್ದೇಶಕರ ಮನೆಗೆ ಹೋಗಿ ಬಾ ಎಂದು ಅಳಿಯ ಹೇಳುತ್ತಾನೆ. ಕಳಿಸಲೋ ಬೇಡವೋ?
— ಒಬ್ಬ ರೈತ ಓದುಗ

ಯಜಮಾನರೇ, ಕಳಿಸಿ. ಆದರೆ ಈಗಿರುವ ರೂಪದಲ್ಲಿ ಕಳಿಸಬೇಡಿ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಮೊದಲ ಪುಟವಿಡೀ ಮಳೆಯ ವಿಳಂಬ, ಮನೆಯ ತಾಪತ್ರಯ, ಮಗಳ ಬಾಣಂತನ ಇವುಗಳಲ್ಲಿಯೇ ಕಳೆದುಹೋಗಿದೆ. ತಾರೀಖು ಮತ್ತು ಆವಕ ಸಂಖ್ಯೆ ಎರಡನೆಯ ಪುಟದ ಕೊನೆಯ ಸಾಲಿನಲ್ಲಿ, ಸಹಿಯ ಪಕ್ಕದಲ್ಲಿ, ನಾಚಿಕೊಂಡಂತೆ ಕುಳಿತಿವೆ. ಅವು ಮೊದಲ ಸಾಲಿಗೆ ಬರಬೇಕು. ಕಷ್ಟಕ್ಕೆ ಸಹಾನುಭೂತಿ ತೋರಿಸಿ ಕಡತವನ್ನು ಪಕ್ಕಕ್ಕಿಡುವುದು ಯಾವ ಗುಮಾಸ್ತನಿಗೂ ಕಷ್ಟವಲ್ಲ, ಆದರೆ 147 ಎಂಬ ಸಂಖ್ಯೆಯನ್ನು ಓದಿದವನು ವಹಿಯನ್ನು ತೆರೆಯಲೇಬೇಕಾಗುತ್ತದೆ.

ನಿಮ್ಮ ಅಳಿಯನ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ನಿರ್ದೇಶಕರು ಒಂದು ಫೋನು ಮಾಡಿದರೆ ಕೆಲಸವಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಬ್ಯಾಂಕಿನ ಪರವಾಗಿಯೂ ಒಂದು ಮಾತನ್ನು ಹೇಳಬೇಕು. ಜಿಲ್ಲಾ ಸಹಕಾರ ಬ್ಯಾಂಕುಗಳು ಬೆಳೆಸಾಲಕ್ಕೆ ಕೊಡುವ ಹಣದ ಒಂದು ಭಾಗ ನಬಾರ್ಡ್‌ನಿಂದ ರಿಯಾಯಿತಿ ದರದಲ್ಲಿ ಬರುತ್ತದೆ. ಕರ್ನಾಟಕಕ್ಕೆ ಸಿಗುವ ಆ ಹಣದ ಮಿತಿ 2023-24ರಲ್ಲಿ 5,600 ಕೋಟಿ ರೂಪಾಯಿ ಇದ್ದದ್ದು 2024-25ಕ್ಕೆ 2,340 ಕೋಟಿಗೆ ಇಳಿದಾಗ, ಮುಖ್ಯಮಂತ್ರಿಗಳೇ ದೆಹಲಿಗೆ ಹೋಗಿ ಕೇಂದ್ರದ ಹಣಕಾಸು ಸಚಿವರಿಗೆ ಮನವಿ ಕೊಡಬೇಕಾಯಿತು. ಗಲ್ಲಾದಲ್ಲಿ ಹಣವಿಲ್ಲದಿದ್ದರೆ ವ್ಯವಸ್ಥಾಪಕರು ತಾನೇ ಏನು ಮಾಡಿಯಾರು? ಒಪ್ಪಿದೆ. ಆದರೆ ಹಣವಿಲ್ಲ ಎಂಬುದನ್ನು ಕಾಗದದ ಮೇಲೆ ಬರೆದುಕೊಡಲು ಹಣವೇನೂ ಬೇಕಾಗಿಲ್ಲ. ಇಲ್ಲಿಂದ ಮುಂದೆ ನಾನು ನಿಮ್ಮ ಪಕ್ಷ.

ನಿಮ್ಮ ಅರ್ಜಿ ನಡೆಯಬೇಕಾದ ದಾರಿಯನ್ನು ಒಮ್ಮೆ ನೋಡೋಣ. ಅರ್ಜಿ ಸಂಘಕ್ಕೆ ಬಂದ ದಿನ ಆವಕ ವಹಿಯಲ್ಲಿ ದಾಖಲಾಗುತ್ತದೆ. ನಿಮ್ಮ 147 ಅಲ್ಲಿಯದು. ಕಾರ್ಯದರ್ಶಿಯವರು ಪಹಣಿ, ರೈತರ ನೋಂದಣಿಯ ಫ್ರೂಟ್ಸ್ ಗುರುತಿನ ಸಂಖ್ಯೆ, ಆಧಾರ್, ಬೇರೆ ಬ್ಯಾಂಕಿನ ಬೇಬಾಕಿ ಪತ್ರ ಇವುಗಳನ್ನು ನೋಡಿ, ಆ ಬೆಳೆಗೆ ಎಕರೆಗೆ ಇಷ್ಟು ಎಂದು ಜಿಲ್ಲಾ ತಾಂತ್ರಿಕ ಸಮಿತಿ ಗೊತ್ತುಮಾಡಿದ ಸಾಲದ ಪ್ರಮಾಣದ ಮೇಲೆ ನಿಮ್ಮ ಮೊತ್ತವನ್ನು ಲೆಕ್ಕ ಹಾಕುತ್ತಾರೆ. ಆಮೇಲೆ ಆಡಳಿತ ಮಂಡಳಿಯ ಸಭೆಯಲ್ಲಿ ಠರಾವಾಗುತ್ತದೆ. ಠರಾವಾದ ಸದಸ್ಯರ ಪಟ್ಟಿ ಜಿಲ್ಲಾ ಬ್ಯಾಂಕಿನ ಶಾಖೆಗೆ ಹೋಗುತ್ತದೆ, ಹೋಗುವಾಗ ಸಂಘದ ಜಾವಕ ವಹಿಯಲ್ಲಿ ಒಂದು ಸಂಖ್ಯೆ ಬೀಳುತ್ತದೆ. ಶಾಖೆಯಲ್ಲಿ ಮತ್ತೆ ಒಂದು ಆವಕ ಸಂಖ್ಯೆ, ಮೇಲ್ವಿಚಾರಕರ ಪರಿಶೀಲನೆ, ಮಂಜೂರಾತಿ, ಕೊನೆಗೆ ನಿಮ್ಮ ಖಾತೆಗೆ ಜಮಾ.

ಸಂಘದವರು ಕಳಿಸಿದ್ದೇವೆ ಎಂದೂ ಬ್ಯಾಂಕಿನವರು ಬಂದಿಲ್ಲ ಎಂದೂ ಹೇಳುವಾಗ ಇಬ್ಬರ ಪೈಕಿ ಯಾರು ಸುಳ್ಳಾಡುತ್ತಿದ್ದಾರೆಂದು ತಲೆ ಕೆಡಿಸಿಕೊಳ್ಳಬೇಡಿ. ಸಂಘದವರನ್ನು ಎರಡೇ ವಿಷಯ ಕೇಳಿ: ನನ್ನ ಹೆಸರಿರುವ ಠರಾವಿನ ಸಂಖ್ಯೆ ಮತ್ತು ದಿನಾಂಕ ಯಾವುದು, ಪಟ್ಟಿ ಹೋದ ಜಾವಕ ಸಂಖ್ಯೆ ಮತ್ತು ದಿನಾಂಕ ಯಾವುದು? ಠರಾವಿನ ಸಂಖ್ಯೆ ಇಲ್ಲವೆಂದಾದರೆ ಅರ್ಜಿ ಇನ್ನೂ ಕಾರ್ಯದರ್ಶಿಯವರ ಮೇಜಿನ ಖಾನೆಯಲ್ಲಿದೆ. ಠರಾವಿದ್ದು ಜಾವಕ ಸಂಖ್ಯೆ ಇಲ್ಲದಿದ್ದರೆ, ಕಳಿಸಿದ್ದೇವೆ ಎಂಬುದು ಬರೀ ಬಾಯಿಮಾತು. ಎರಡೂ ಇದ್ದರೆ ಆ ಚೀಟಿಯನ್ನು ಹಿಡಿದು ಶಾಖೆಗೆ ಹೋಗಿ, ಬಂದಿಲ್ಲ ಎನ್ನುವ ಮಾತು ಅಲ್ಲಿಗೆ ನಿಲ್ಲುತ್ತದೆ.

ನನಗೆ ಈ ಸಂಖ್ಯೆಗಳ ಹುಚ್ಚು ಹಿಡಿದದ್ದು ನಮ್ಮ ತಂದೆಯವರಿಂದ. ಅವರು ಒಂದು ಸಂಘಕ್ಕೆ (ಹೆಸರು ಬೇಡ, ಈಗಿರುವವರು ಆಗಿನವರಲ್ಲ) ಒಂದೇ ಹಂಗಾಮಿನಲ್ಲಿ ಎರಡು ಸಲ ಅರ್ಜಿ ಕೊಟ್ಟರು. ಎರಡು ಸಲವೂ ಕಳೆಯಿತು. ಮೂರನೆಯ ಸಲ ಅರ್ಜಿಯ ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳುವವರೆಗೂ ಕಟ್ಟೆಯಿಂದ ಏಳಲಿಲ್ಲ. ಆ ಅರ್ಜಿ ಮಾತ್ರ ಕಳೆಯಲಿಲ್ಲ. ಹಣ ಬರುವಷ್ಟರಲ್ಲಿ ಮುಂಗಾರು ಮುಗಿದಿತ್ತೆನ್ನುವುದು ಬೇರೆ ಮಾತು.

ಇನ್ನು ಕಾಲಮಿತಿಯ ವಿಷಯ. ಪೂರ್ಣವಾದ ಅರ್ಜಿ ಬಂದ ಎರಡು ವಾರಗಳೊಳಗೆ ಬೆಳೆಸಾಲದ ಕಿಸಾನ್ ಕ್ರೆಡಿಟ್ ಕಾರ್ಡ್ ಕೊಡಬೇಕೆಂದು ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2019ರ ಫೆಬ್ರವರಿಯಲ್ಲಿ ಬ್ಯಾಂಕುಗಳಿಗೆ ಹೇಳಿತ್ತು. ನಿಮ್ಮ ಪತ್ರದಲ್ಲಿ ಇದನ್ನು ದೊಡ್ಡಕ್ಷರದಲ್ಲಿ ಬರೆದಿದ್ದೀರಿ, ಸಂತೋಷ. ಆದರೆ ಇಡೀ ವಾಕ್ಯದ ಕೀಲಿ ಇರುವುದು ‘ಪೂರ್ಣವಾದ’ ಎಂಬ ಪದದಲ್ಲಿ, ಅದನ್ನೇ ನೀವು ಬಿಟ್ಟಿದ್ದೀರಿ. ಅರ್ಜಿ ಅಪೂರ್ಣ ಎಂದು ಯಾರಾದರೂ ಅಂದುಬಿಟ್ಟರೆ ಆ ಹದಿನಾಲ್ಕು ದಿನಗಳ ಎಣಿಕೆ ಆರಂಭವಾಗುವುದೇ ಇಲ್ಲ. ಆದ್ದರಿಂದ ನೀವು ಬರವಣಿಗೆಯಲ್ಲಿ ಕೇಳಬೇಕಾದದ್ದು, ಯಾವ ದಾಖಲೆ ಕೊರತೆಯಾಗಿದೆ ಎಂಬುದನ್ನು.

ಕೊರತೆ ನಿಜವಾಗಿಯೂ ಇರಬಹುದು, ಅದನ್ನು ಮೊದಲು ನೀವೇ ನೋಡಿಕೊಳ್ಳಿ. ಪಹಣಿಯ 9ನೆಯ ಕಾಲಂನಲ್ಲಿ ನಿಮ್ಮ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ, ಅಥವಾ ತೀರಿಹೋದ ತಂದೆಯವರ ಹೆಸರೇ ಇನ್ನೂ ನಿಂತಿದೆಯೇ? 11ನೆಯ ಕಾಲಂನಲ್ಲಿ ಎಂದೋ ತೀರಿಸಿದ ಸಾಲದ ಬೋಜಾ ಉಳಿದಿದೆಯೇ? ಮೂರೂವರೆ ಎಕರೆಯೂ ನಿಮ್ಮ ಫ್ರೂಟ್ಸ್ ಸಂಖ್ಯೆಗೆ ಜೋಡಣೆಯಾಗಿದೆಯೇ, ಅಥವಾ ಒಂದು ಸರ್ವೆ ನಂಬರು ಹೊರಗುಳಿದಿದೆಯೇ? ಇಂಥ ಒಂದು ಕಾರಣಕ್ಕೆ ಅರ್ಜಿ ಎರಡು ತಿಂಗಳು ನಿಲ್ಲುತ್ತದೆ, ಅದನ್ನು ಹೇಳುವ ಒಂದು ಸಾಲಿನ ಚೀಟಿ ಮಾತ್ರ ರೈತನಿಗೆ ಬರುವುದಿಲ್ಲ. ನನ್ನ ಸಿಟ್ಟೆಲ್ಲ ಇರುವುದು ಆ ಬಾರದ ಚೀಟಿಯ ಮೇಲೆ.

ನಾನಾಗಿದ್ದರೆ ನಿಮ್ಮ ಪತ್ರವನ್ನು ಹೀಗೆ ಬರೆಯುತ್ತಿದ್ದೆ:

“ಶಾಖಾ ವ್ಯವಸ್ಥಾಪಕರಿಗೆ. ವಿಷಯ: ಬಾಕಿ ಇರುವ ಮುಂಗಾರು ಬೆಳೆಸಾಲದ ಅರ್ಜಿ. ಉಲ್ಲೇಖ: ಸಂಘದ ಆವಕ ಸಂಖ್ಯೆ 147, ದಿನಾಂಕ 14 ಮೇ, ಸಂಘದ ಠರಾವು ಸಂಖ್ಯೆ ಮತ್ತು ದಿನಾಂಕ......; ಜಾವಕ ಸಂಖ್ಯೆ ಮತ್ತು ದಿನಾಂಕ ....... ಮಾನ್ಯರೇ, ನಾನು ಮೇಲ್ಕಂಡ ಸಂಘದ ಸದಸ್ಯನಾಗಿದ್ದು, ಮೂರೂವರೆ ಎಕರೆ ಗೋವಿನಜೋಳಕ್ಕೆ 90,000 ರೂಪಾಯಿ ಬೆಳೆಸಾಲ ಕೋರಿದ್ದೇನೆ. ಅರ್ಜಿ ಈಗ ಯಾವ ಹಂತದಲ್ಲಿದೆ, ದಾಖಲೆಯ ಕೊರತೆಯಿದ್ದರೆ ಅದು ಯಾವುದು, ತಿರಸ್ಕೃತವಾಗಿದ್ದರೆ ಕಾರಣವೇನು ಎಂಬುದನ್ನು ಹದಿನೈದು ದಿನಗಳೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ. ಲಗತ್ತು: ಸ್ವೀಕೃತಿ ಚೀಟಿಯ ನಕಲು. ಪ್ರತಿ: ಸಂಘದ ಕಾರ್ಯದರ್ಶಿ, ಸಹಕಾರ ಸಂಘಗಳ ಸಹಾಯಕ ನಿಬಂಧಕರು.”

ಇಷ್ಟೇ. ಇದರಲ್ಲಿ ಯಾರನ್ನೂ ಬೈದಿಲ್ಲ, ಯಾರ ಕಾಲನ್ನೂ ಹಿಡಿದಿಲ್ಲ. ಕೊನೆಯ ‘ಪ್ರತಿ’ ಎಂಬ ಸಾಲನ್ನು ಮಾತ್ರ ಬಿಡಬೇಡಿ, ಅದಕ್ಕೆ ಕಾರಣವಿದೆ. ಮಾಹಿತಿ ಹಕ್ಕಿನಲ್ಲಿ ಸಂಘವನ್ನು ಕೇಳುತ್ತೇನೆಂದು ನೀವು ಬರೆದಿದ್ದೀರಿ. ಕೇರಳದ ತಲಪ್ಪಲಂ ಸೇವಾ ಸಹಕಾರ ಬ್ಯಾಂಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಸರ್ಕಾರದ ಗಣನೀಯ ಹಣಕಾಸಿನಿಂದ ನಡೆಯದ ಸಹಕಾರ ಸಂಘಗಳು ಆ ಕಾಯ್ದೆಯ ಅರ್ಥದಲ್ಲಿ ಸಾರ್ವಜನಿಕ ಪ್ರಾಧಿಕಾರಗಳಲ್ಲ. ಹಾಗಾಗಿ ನಿಮ್ಮ ಹತ್ತು ರೂಪಾಯಿಯ ಅರ್ಜಿ ಸಂಘದ ಬಾಗಿಲಿನಿಂದಲೇ ಹಿಂದಿರುಗಬಹುದು. ಆದರೆ ಅದೇ ತೀರ್ಪು, ನಿಬಂಧಕರು ಪ್ರಾಧಿಕಾರವೇ ಆಗಿದ್ದಾರೆ, ಕಾನೂನಿನ ಪ್ರಕಾರ ಸಂಘದಿಂದ ತಾವು ಪಡೆಯಬಹುದಾದ ಮಾಹಿತಿಯನ್ನು ಅವರು ಒದಗಿಸಬೇಕು ಎಂದೂ ಹೇಳಿದೆ. ಮುಂದೆ ಆ ಬಾಗಿಲನ್ನು ತಟ್ಟಬೇಕಾಗಿ ಬಂದರೆ ನಿಮ್ಮ ಪತ್ರದ ಪ್ರತಿ ಅಲ್ಲಿ ಮೊದಲೇ ಇದ್ದಿರಬೇಕು.

ತಹಶೀಲ್ದಾರರ ಕಚೇರಿಗೆ ಹೋದರೆ ಸಕಾಲದ ಹದಿನೈದಂಕಿಯ ಸಂಖ್ಯೆ ಸಿಗುತ್ತದೆ, ಮೊಬೈಲಿಗೆ ಸಂದೇಶ ಬರುತ್ತದೆ. ಸರ್ಕಾರದ ಮುಂದೆ ನಾವು ಬರೀ ಅರ್ಜಿದಾರರು, ಆದರೂ ಅಷ್ಟು ಮರ್ಯಾದೆಯಿದೆ. ಸಂಘದಲ್ಲಿ ನೀವು ಷೇರು ಕಟ್ಟಿದ ಸದಸ್ಯರು, ಅಂದರೆ ಮಾಲೀಕರಲ್ಲೊಬ್ಬರು. ಅಲ್ಲಿ ನಿಮಗೆ ಸಿಗುವುದು ಹರಿದ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದ 147! ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದ್ದು ರೈತರು ಸಾಹುಕಾರನ ಪಡಸಾಲೆಯಲ್ಲಿ ಕೈಕಟ್ಟಿ ಕೂರುವುದು ತಪ್ಪಲೆಂದು. ಈಗ ಅದೇ ರೈತ ನಿರ್ದೇಶಕರ ಪಡಸಾಲೆಯಲ್ಲಿ ಕೂರಬೇಕೆಂದು ನಿಮ್ಮ ಅಳಿಯನ ಸಲಹೆ. ನಿರ್ದೇಶಕರನ್ನು ಕಾಣಬೇಡಿ ಎನ್ನುವುದಿಲ್ಲ. ಕಾಣಲು ಹೋದಾಗ ಈ ಪತ್ರದ ಒಂದು ಪ್ರತಿಯನ್ನು ಅವರ ಕೈಗೂ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಸಹಿ ಹಾಕಲು ಅವರು ಹಿಂದೆಮುಂದೆ ನೋಡಿದರೆ, ಮುಂದಿನ ಚುನಾವಣೆಯಲ್ಲಿ ನೀವು ಏನು ಮಾಡಬೇಕೆಂಬುದು ಅಲ್ಲಿಯೇ ಗೊತ್ತಾಗುತ್ತದೆ.

ವಿಳಂಬದ ಬೆಲೆಯನ್ನೂ ಒಂದು ಸಲ ಲೆಕ್ಕ ಹಾಕಿ ನೋಡಿ. ಗಡುವಿನೊಳಗೆ ತೀರಿಸುವ ಸದಸ್ಯನಿಗೆ ನಮ್ಮ ರಾಜ್ಯದಲ್ಲಿ ಸಹಕಾರ ಸಂಘಗಳ ಅಲ್ಪಾವಧಿ ಬೆಳೆಸಾಲಕ್ಕೆ ಬಡ್ಡಿಯೇ ಇಲ್ಲ. 2023-24ರಲ್ಲಿ ಈ ಬಡ್ಡಿಯಿಲ್ಲದ ಸಾಲದ ಮಿತಿಯನ್ನು ಮೂರು ಲಕ್ಷದಿಂದ ಐದು ಲಕ್ಷಕ್ಕೆ ಏರಿಸಿದರು. ಆ ಸಾಲ ಹೊತ್ತಿಗೆ ಬಾರದೆ ನೀವು 60,000 ರೂಪಾಯಿಯನ್ನು ಹೊರಗೆ ತಿಂಗಳಿಗೆ ನೂರಕ್ಕೆ ಎರಡರಂತೆ ತಂದರೆ, ಆರು ತಿಂಗಳಿಗೆ 7,200 ರೂಪಾಯಿ ಬಡ್ಡಿಗೇ ಹೋಗುತ್ತದೆ. ಶೂನ್ಯ ಬಡ್ಡಿ ಎಂಬ ಜಾಹೀರಾತಿನಲ್ಲಿ ಈ 7,200 ಎಲ್ಲಿಯೂ ಕಾಣುವುದಿಲ್ಲ.

ಇನ್ನೊಂದು ವಿಷಯ, ಇದಕ್ಕೆ ಕಾಯುವಂತಿಲ್ಲ. ಸಾಲ ಮಂಜೂರಾಗಿದ್ದರೆ, ನೀವು ಬೇಡವೆಂದು ಬರೆದುಕೊಡದ ಹೊರತು, ಬೆಳೆವಿಮೆಯ ಕಂತನ್ನು ಬ್ಯಾಂಕೇ ಮುರಿದುಕೊಂಡು ಕಟ್ಟುತ್ತಿತ್ತು. ಮಂಜೂರಾಗಿಲ್ಲವಾದ್ದರಿಂದ ನಿಮ್ಮ ಗೋವಿನಜೋಳಕ್ಕೆ ಈಗ ವಿಮೆಯೂ ಇಲ್ಲ. ಸಾಲ ಪಡೆಯದ ರೈತನೆಂದು ಗ್ರಾಮ ಒನ್ ಅಥವಾ ಸಾಮಾನ್ಯ ಸೇವಾ ಕೇಂದ್ರದಲ್ಲಿ ನೀವೇ ಹೆಸರು ಬರೆಸಬಹುದು. ಮುಂಗಾರು ಆಹಾರಧಾನ್ಯಕ್ಕೆ ರೈತ ಕಟ್ಟಬೇಕಾದದ್ದು ವಿಮಾ ಮೊತ್ತದ ನೂರಕ್ಕೆ ಎರಡಕ್ಕಿಂತ ಹೆಚ್ಚಿರುವುದಿಲ್ಲ. ಕೊನೆಯ ದಿನಾಂಕವನ್ನು ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ಇವತ್ತೇ ಕೇಳಿಕೊಳ್ಳಿ. ಆಮೇಲೆ ಸಾಲ ಮಂಜೂರಾದರೆ, ಕಟ್ಟಿದ ರಸೀದಿಯನ್ನು ಬ್ಯಾಂಕಿಗೆ ತೋರಿಸಿ, ಎರಡು ಸಲ ಮುರಿದುಕೊಳ್ಳದಿರಲಿ.

ಪತ್ರದ ಮೂರು ಪ್ರತಿಗಳನ್ನು ಕೈಯಾರೆ ಕೊಟ್ಟು, ನಿಮ್ಮ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಲ್ಲೆನೆಂದವರಿಗೆ ಅಂಚೆಯಲ್ಲಿ ಕಳಿಸಿ. ಹಳೆಯ ರಿಜಿಸ್ಟರ್ಡ್ ಅಂಚೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಹೋಗಿದೆ, ಸ್ವೀಕೃತಿ ಬೇಕೆಂದು ಕಿಟಕಿಯಲ್ಲಿ ಬಾಯಿಬಿಟ್ಟು ಕೇಳಿ. ಹದಿನಾರನೆಯ ದಿನ ಉತ್ತರ ಬಂದಿದ್ದರೆ ಅದರ ನಕಲನ್ನು ನನಗೂ ಕಳಿಸಿ. ಬಂದಿರದಿದ್ದರೆ ನಿಮ್ಮ ಪತ್ರದ ನಕಲನ್ನೇ ಕಳಿಸಿ, ಸೀಲು ಕಾಣುವಂತಿರಲಿ.