23 ಜನರ ಗುಂಪಿನಲ್ಲಿ ಒಂದೇ ಜನ್ಮದಿನ

“ವರ್ಷಕ್ಕೆ 365 ದಿನಗಳಿರುವಾಗ ಬರೀ 23 ಜನರಲ್ಲಿ ಇಬ್ಬರ ಜನ್ಮದಿನ ಒಂದೇ ಆಗುವ ಸಾಧ್ಯತೆ ಅರ್ಧಕ್ಕಿಂತ ಹೆಚ್ಚಾಗುವುದು ಹೇಗೆ? ಲೆಕ್ಕ ಹಾಕುವ ಕ್ರಮವೇನು?”

ಇಲ್ಲಿ ಎಣಿಸಬೇಕಾದದ್ದು ಜನರನ್ನಲ್ಲ, ಜೋಡಿಗಳನ್ನು. ನಿಮ್ಮ ಜನ್ಮದಿನದಂದೇ ಹುಟ್ಟಿದವರನ್ನು ಮಾತ್ರ ಹುಡುಕಿದರೆ ಹೋಲಿಕೆಗಳು 22, ಸಂಭವನೀಯತೆ ಸುಮಾರು ಶೇ. 6, ಆದರೆ ಯಾವ ಇಬ್ಬರಾದರೂ ಸರಿ ಎಂದಾಗ 23 × 22 / 2, ಅಂದರೆ 253 ಜೋಡಿಗಳಾಗುತ್ತವೆ. ಗುಂಪು ಇಮ್ಮಡಿಯಾದರೆ ಜೋಡಿಗಳು ಸುಮಾರು ನಾಲ್ಮಡಿಯಾಗುವುದೇ ಈ ವೇಗಕ್ಕೆ ಕಾರಣ.

ಹಾಗೆಂದು 253ನ್ನು 365ರಿಂದ ಭಾಗಿಸಿ ಶೇ. 69 ಎನ್ನುವಂತಿಲ್ಲ. ಹಲವು ಜೋಡಿಗಳು ಒಟ್ಟಿಗೆ ಹೊಂದುವ ಸಂದರ್ಭಗಳು ಅದರಲ್ಲಿ ಮತ್ತೆ ಮತ್ತೆ ಎಣಿಕೆಯಾಗುತ್ತವೆ. ಆ ದಾರಿಯಲ್ಲಿ ಹೋದರೆ 28 ಜನರಿಗೇ ಉತ್ತರ 1ನ್ನು ಮೀರಿಬಿಡುತ್ತದೆ, ತಪ್ಪು ಅಲ್ಲೇ ಬಯಲಾಗುತ್ತದೆ.

ಆದ್ದರಿಂದ ಯಾರ ದಿನವೂ ಹೊಂದದಿರುವ ಸಂಭವನೀಯತೆಯನ್ನು ಮೊದಲು ಕಂಡುಕೊಳ್ಳಬೇಕು. ಮೊದಲನೆಯವರ ದಿನ ಯಾವುದಾದರೂ ಆಗಬಹುದು, ಎರಡನೆಯವರಿಗೆ 364 ದಿನಗಳು, ಮೂರನೆಯವರಿಗೆ 363, ಹೀಗೆ ಇಳಿಯುತ್ತಾ 23ನೆಯವರಿಗೆ 343 ದಿನಗಳು ಉಳಿಯುತ್ತವೆ:

```
(364/365) × (363/365) × … × (343/365) ≈ 0.493
1 − 0.493 = 0.507
```

ಗುಣಿಸುತ್ತಿರುವ ಪ್ರತಿ ಭಿನ್ನರಾಶಿಯೂ 1ಕ್ಕೆ ಹತ್ತಿರವೇ ಇದ್ದರೂ ಒಂದಕ್ಕಿಂತ ಮುಂದಿನದು ಚಿಕ್ಕದಾಗಿರುವುದರಿಂದ ಗುಣಲಬ್ಧ ಬೇಗ ಕುಸಿಯುತ್ತದೆ. 22 ಜನರಿಗೆ ಉತ್ತರ 0.476, 50 ಜನರಿಗೆ 0.970. ಫೆಬ್ರವರಿ 29ನ್ನು ಬಿಟ್ಟು, ಎಲ್ಲ ದಿನಗಳಲ್ಲೂ ಜನನ ಸಮಾನವೆಂದು ಇಲ್ಲಿ ಭಾವಿಸಲಾಗಿದೆ. ಕೆಲವು ದಿನಗಳಲ್ಲಿ ಜನನ ಹೆಚ್ಚಿದ್ದರೆ ಸಂಭವನೀಯತೆ ಏರುತ್ತದೆಯೇ ಹೊರತು ಇಳಿಯುವುದಿಲ್ಲ.